ನಾಲ್ಕು ರೇಸ್, ಒಂದೇ ಗುರಿ: ನೀವು ಹೇಗೆ ಹೊಂದಿಸಿಕೊಂಡ್ರಿ?

ನಾಲೆ ಏರಿ ಓಟ (ಮಂಡ್ಯ) ಕೇಳಿದ್ದು:
ಜನವರಿ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್, ನನ್ನ ಮೊದಲ ಫುಲ್. ಅದಕ್ಕೂ ಮುಂಚೆ ಸೆಪ್ಟೆಂಬರ್ ಕೊನೆಗೆ ಮಂಡ್ಯದಲ್ಲಿ 10ಕೆ, ಅಕ್ಟೋಬರ್‌ನಲ್ಲಿ ಮೈಸೂರಲ್ಲಿ ಹಾಫ್, ಡಿಸೆಂಬರ್ ಎರಡನೇ ವಾರ ಬೆಂಗಳೂರಲ್ಲಿ ಇನ್ನೊಂದು ಹಾಫ್. ಮೂರಕ್ಕೂ ದುಡ್ಡು ಕಟ್ಟಿ ಆಗಿದೆ. ನನ್ನ ಹಾಫ್ ಟೈಮ್ 1:58. ಮುಂಬೈ ಒಂದೇ ಮುಖ್ಯ, ಮಿಕ್ಕಿದ್ದನ್ನ ತರಬೇತಿ ಥರ ಓಡಿ ಅಂತಾರೆ. ಅಂದ್ರೆ ನಿಜವಾಗಿ ಏನು ಮಾಡ್ಬೇಕು? ಅನುಭವ ಇರೋರು ಹೇಳಿ.

ಸುಭಾಷ್ ನಗರ:
ತರಬೇತಿ ಬೇಕು ಅಂದ್ರೆ ಸರ್ ಎಂ.ವಿ. ಕ್ರೀಡಾಂಗಣದ ಹತ್ರ ಬಂದ್ಬುಡಿ ಸಾರ್. ಬೆಳಗ್ಗೆ ಐದೂವರೆಗೆ ಏಳೆಂಟು ಜನ ಸೇರ್ತೀವಿ. ಫೀಸು ಗೀಸು ಏನಿಲ್ಲ, ಓಡಿದ ಮೇಲೆ ಕಾಫಿ ನಿಮ್ಮ ಲೆಕ್ಕ.

ಹೊಸ ಶೂ:
ಅಷ್ಟೊಂದು ಲೆಕ್ಕ ಯಾಕೆ ಬ್ರೋ? ರೇಸ್‌ಗಿಂತ ಒಳ್ಳೆ ತರಬೇತಿ ಇಲ್ಲ. ಹೋದ ವರ್ಷ ತಿಂಗಳಿಗೊಂದು 10ಕೆ ಪೂರ್ತಿ ದಮ್ಮು ಕಟ್ಟಿ ಓಡ್ದೆ, 56 ನಿಮಿಷ ಇದ್ದಿದ್ದು 49ಕ್ಕೆ ಬಂತು. ಎಲ್ಲಾದ್ರಲ್ಲೂ ಫುಲ್ ಕೊಡಿ.

ಬೆಟ್ಟದ ಮೆಟ್ಟಿಲು (ಮೈಸೂರು):
ಹೊಸ ಶೂ ಹೇಳಿದ್ದು 10ಕೆಗೆ ಸರಿ. ಭಾನುವಾರ ಓಡಿದ್ರೆ ಬುಧವಾರ, ಗುರುವಾರದ ಹೊತ್ತಿಗೆ ಕಾಲು ನಮ್ಮದಾಗಿರುತ್ತೆ. ಹಾಫ್ ಹಂಗಲ್ಲ. ಓಡಿದ ಪ್ರತಿ ಮೂರು ಕಿ.ಮೀ.ಗೆ ಒಂದು ದಿನ ಹಗುರವಾಗಿರಬೇಕು ಅನ್ನೋ ಹಳೇ ಲೆಕ್ಕ ಒಂದಿದೆ. ಹಾಫ್‌ಗೆ ಅದು ಒಂದು ವಾರ ಆಯ್ತು. ರೇಸ್‌ಗೆ ಕಾಲು ತಾಜಾ ಇರ್ಲಿ ಅಂತ ಹಿಂದಿನ ವಾರವೂ ಓಟ ಕಮ್ಮಿ ಮಾಡ್ತೀವಿ. ಅಲ್ಲಿಗೆ ಎರಡು ವಾರ. ನಿಮ್ಮ ಮೂರು ರೇಸ್‌ಗೂ ಹಿಂಗೇ ಮಾಡಿದ್ರೆ ಹದಿನಾರು ವಾರದಲ್ಲಿ ಆರು ಖರ್ಚು. ಮುಂಬೈಗೆ ಮುಂಚೆ ಹೇಗೂ ಮೂರು ವಾರ ಇಳಿಸ್ಲೇಬೇಕು. ಮಿಕ್ಕಿದ್ದು ಏಳು. ಏಳು ವಾರದಲ್ಲಿ ಮೊದಲ ಫುಲ್‌ಗೆ ತಯಾರಾಗೋದು ಕಷ್ಟ ಕಣ್ರೀ.

ನನ್ನ ಕಥೆ ಕೇಳಿ. ಮೊದಲ ಸಲ ಮುಂಬೈಗೆ ಹೋಗೋಕೆ ಐದು ವಾರ ಮುಂಚೆ ಒಂದು ಹಾಫ್ ಇತ್ತು. ಸುಮ್ನೆ ಓಡ್ತೀನಿ ಅಂತ ಹೋದೆ. ಎಂಟನೇ ಕಿ.ಮೀ. ಹತ್ರ ನಮ್ಮ ಬಡಾವಣೆಯವರೊಬ್ರು ಹಿಂದೆ ಹಾಕಿದ್ರು, ಅಲ್ಲಿಗೆ ಎಲ್ಲಾ ಮರೆತು ಹೋಯ್ತು. 1:52, ನನ್ನ ಅತ್ಯುತ್ತಮ ಟೈಮ್. ಮೆಡಲ್ ಹಾಕ್ಕೊಂಡೇ ಉಪ್ಪಿಟ್ಟಿನ ಕ್ಯೂನಲ್ಲಿ ನಿಂತಿದ್ದೆ. ಮುಂದಿನ ಭಾನುವಾರದ ಲಾಂಗ್ ರನ್ ಸುಸ್ತಿಗೆ ಹೋಯ್ತು, ಅದರ ಮುಂದಿನದು ಮೀನಖಂಡದ ನೋವಿಗೆ. ಮುಂಬೈಯಲ್ಲಿ 35ರ ಆಸುಪಾಸಿಗೆ ಪೆಡ್ಡರ್ ರೋಡಿನ ಏರು ಬರುತ್ತೆ. ಅಲ್ಲಿ ನಡೆಯೋಕೆ ಶುರು ಮಾಡಿದವನು 4:40ಕ್ಕೆ ಮುಗಿಸಿದೆ.

ಮರುವರ್ಷ ಅದೇ ಹಾಫ್‌ನ ಬೇಕಂತಲೇ 2:05ಕ್ಕೆ ಓಡ್ದೆ. ಮುಂಬೈ 4:11 ಆಯ್ತು.

ನಿಮಗೆ ಹೇಳೋದಾದ್ರೆ, ಸೆಪ್ಟೆಂಬರ್ 10ಕೆ ಇಷ್ಟ ಬಂದಂಗೆ ಓಡಿ. ಅಕ್ಟೋಬರ್ ಹಾಫ್ ಒಂದನ್ನೇ ಪೂರ್ತಿ ಜೋರಾಗಿ ಓಡಿ, ಸುಧಾರಿಸಿಕೊಳ್ಳೋಕೆ ಮುಂದೆ ಸಮಯ ಇದೆ, ಮುಂಬೈ ಗುರಿ ಎಷ್ಟಿರಬೇಕು ಅನ್ನೋದೂ ಗೊತ್ತಾಗುತ್ತೆ. ಮತ್ತೆ 1:58 ಬಂದ್ರೆ ಕಾಗದದ ಲೆಕ್ಕ ಫುಲ್‌ಗೆ 4:06 ಅನ್ನುತ್ತೆ. ನಂಬಬೇಡಿ. ಮೊದಲ ಸಲ, ಜೊತೆಗೆ ಮುಂಬೈ ಸೆಕೆ. 4:15 ಇಟ್ಟುಕೊಳ್ಳಿ, ಅಂದ್ರೆ ಕಿ.ಮೀ.ಗೆ ಸುಮಾರು 6:02.

ಡಿಸೆಂಬರ್ ಹಾಫ್ ಅದೇ 6:02ರಲ್ಲಿ ಓಡಿ. 2:07 ಚಿಲ್ಲರೆ ಆಗುತ್ತೆ. ಆ ವಾರ ಓಟ ಇಳಿಸಬೇಡಿ, ಶುಕ್ರವಾರ ಒಂದಿನ ಬಿಟ್ಟರೆ ಸಾಕು. ರೇಸ್‌ಗೆ ಮುಂಚೆ ಎರಡು ಕಿ.ಮೀ. ನಿಧಾನ ಓಡಿ. ಮುಗಿದ ಮೇಲೆ ಮೆಡಲ್ ಜೇಬಿಗೆ ಹಾಕಿ ಇನ್ನೂ ಆರೇಳು ಕಿ.ಮೀ. ನಿಧಾನ. 30 ಆಯ್ತಲ್ಲ, ಅದೇ ಆ ವಾರದ ಲಾಂಗ್ ರನ್. ಮುಂಚೆನೇ ಎಂಟು ಕಿ.ಮೀ. ಓಡಿ ಹೋದ್ರೆ ಸ್ಟಾರ್ಟ್‌ನಲ್ಲಿ ಇಪ್ಪತ್ತು ನಿಮಿಷ ನಿಂತು ಕಾಲು ಮರಗಟ್ಟುತ್ತೆ, ನೋಡಿದ್ದೀನಿ.

ಗಡಿಯಾರದಲ್ಲಿ ಒಂದನ್ನ ಗಮನಿಸಿ. ಐದನೇ ಕಿ.ಮೀ.ನಲ್ಲಿ ಎದೆಬಡಿತ ಎಷ್ಟಿತ್ತು, ಅದೇ ವೇಗದಲ್ಲಿ ಹದಿನೆಂಟನೇ ಕಿ.ಮೀ.ನಲ್ಲಿ ಎಷ್ಟು? ಐದಾರು ಏರಿದ್ರೆ ಪರವಾಗಿಲ್ಲ. ಹದಿನೈದು ಏರಿದ್ರೆ, ಡಿಸೆಂಬರ್ ತಣ್ಣಗಿನ ಬೆಳಗಲ್ಲೇ ಹಿಂಗಾದ್ರೆ, ಗುರಿ 4:25ಕ್ಕೆ ಇಳಿಸಿ. ಮಂಗಳವಾರ ಹಗುರ ಓಟ ಎಂದಿನ ಥರ ಬಂತು ಅಂದ್ರೆ ತರಬೇತಿ ಥರ ಓಡಿದ್ದೀರಿ ಅಂತ. ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಂಡ್ರೆ ರೇಸ್ ಮಾಡಿದ್ದೀರಿ.

ಕುಕ್ಕರಹಳ್ಳಿ ಅಕ್ಕ:
ಸಾರ್ ಲೆಕ್ಕ ಎಲ್ಲಾ ಸರಿ, ಆದ್ರೆ ಬಿಬ್ ಚುಚ್ಚಿಕೊಂಡ ಮೇಲೆ ತಡೆದುಕೊಳ್ಳೋದು ಹೇಗೆ? ನನ್ ಕೈಲಿ ಎರಡು ವರ್ಷ ಆಗ್ಲಿಲ್ಲ. ಕೊನೆಗೆ ಒಂದು ದಾರಿ ಸಿಕ್ತು. ನನಗಿಂತ ನಿಧಾನ ಓಡೋ ಗೆಳತಿಗೆ "ನಿನ್ನ 2:10 ಒಳಗೆ ಮುಗಿಸ್ತೀನಿ" ಅಂತ ಮಾತು ಕೊಟ್ಟೆ. ಅವಳ ಪಕ್ಕದಲ್ಲೇ ಓಡ್ಬೇಕು, ನೀರು ತಂದುಕೊಡ್ಬೇಕು, ಮುಂದೆ ಓಡಿಹೋಗೋಕೆ ಮುಖ ಎಲ್ಲಿರುತ್ತೆ! ಹಂಗೇ ಮುಂಬೈ ದಿನ ತಿನ್ನೋದನ್ನೇ ಅವತ್ತೂ ತಿನ್ನಿ. ನಾನು ಎರಡು ಗಂಟೆ ಮುಂಚೆ ಎರಡು ಇಡ್ಲಿ, ಚಟ್ನಿ ಇಲ್ದೆ. ಓಡೋವಾಗ ಮುಕ್ಕಾಲು ಗಂಟೆಗೊಂದು ಜೆಲ್. ಹೊಟ್ಟೆ ಕೆಡೋದಿದ್ರೆ ಡಿಸೆಂಬರ್‌ನಲ್ಲೇ ಕೆಡ್ಲಿ.

ನಾಲೆ ಏರಿ ಓಟ:
ಎಲ್ರಿಗೂ ಥ್ಯಾಂಕ್ಸ್. ಒಂದು ವಿಷಯ ಹೇಳಿರ್ಲಿಲ್ಲ, ಬೈಬೇಡಿ. ನವೆಂಬರ್ ಕೊನೆಗೆ ಒಂದು ಬೆಟ್ಟದ ಓಟಕ್ಕೂ ಹೆಸರು ಕೊಟ್ಟಿದ್ದೀನಿ. 15 ಕಿ.ಮೀ., ಅರ್ಧ ಇಳಿಜಾರೇ.

ಬೆಟ್ಟದ ಮೆಟ್ಟಿಲು:
ಬಿಟ್ಬಿಡಿ. ಏರು ಉಸಿರು ಕಟ್ಟಿಸುತ್ತೆ ಅಷ್ಟೇ, ತೊಡೆ ಹರಿಯೋದು ಇಳಿಯೋವಾಗ. ಆ ನೋವು ಮಾರನೇ ದಿನಕ್ಕಿಂತ ಎರಡನೇ ದಿನ ಜಾಸ್ತಿ. ನಿಮ್ಮ ಲಾಂಗ್ ರನ್‌ಗಳು ಗಟ್ಟಿಯಾಗೋ ಸಮಯಕ್ಕೆ ಒಂದು ವಾರ ಹೋಗುತ್ತೆ.

ಕುಕ್ಕರಹಳ್ಳಿ ಅಕ್ಕ:
ನಾನು ಒಪ್ಪಲ್ಲ ಸಾರ್. ಒಂದು ಸಲ ಇಳಿಜಾರಲ್ಲಿ ನೊಂದ ತೊಡೆ ಮುಂದಿನ ಸಲಕ್ಕೆ ಅಷ್ಟು ನೋಯಲ್ಲ. ಪೆಡ್ಡರ್ ರೋಡ್ ಏರಿದ ಮೇಲೆ ಇಳೀಲೂ ಬೇಕಲ್ಲ. ನಾಲೆ ಏರಿ ಮೇಲೆ ಬರೀ ಸಪಾಟು ಓಡೋರಿಗೆ ಇದು ಬೇಕು. ಇಳಿಜಾರಲ್ಲಿ ಪುಟ್ಟ ಪುಟ್ಟ ಹೆಜ್ಜೆ ಹಾಕಿ, ಕಡಿದಾದ ಕಡೆ ನಡೆದುಬಿಡಿ.

ಬೆಟ್ಟದ ಮೆಟ್ಟಿಲು:
ಅದಕ್ಕೆ ರೇಸ್ ಯಾಕೆ ಬೇಕು ಮೇಡಂ, ಚಾಮುಂಡಿ ಬೆಟ್ಟದ ರಸ್ತೆ ಇಲ್ವಾ? ಅಕ್ಟೋಬರ್‌ನಿಂದ ಹತ್ತು ದಿನಕ್ಕೊಮ್ಮೆ ಇಳಿದ್ರೆ ಆಯ್ತು.

ಹೊಸ ಶೂ:
ನನಗೂ ಈಗ ಡೌಟು ಶುರುವಾಯ್ತು. ಡಿಸೆಂಬರ್ ಹಾಫ್‌ಗೆ ನಾನೂ ಹೆಸರು ಕೊಟ್ಟಿದ್ದೀನಿ, ನನಗೆ ಜನವರಿ ಇಲ್ಲ. ನಾನು ಫುಲ್ ಕೊಡಬಹುದಲ್ವಾ?

ಬೆಟ್ಟದ ಮೆಟ್ಟಿಲು:
ಕೊಡಪ್ಪ. ನಿನಗೆ ಅದೇ ಮುಖ್ಯ ರೇಸ್.

ನಾಲೆ ಏರಿ ಓಟ:
ಬೆಟ್ಟದ್ದು ಅಕ್ಟೋಬರ್ ಹಾಫ್ ಆದ ಮೇಲೆ ನೋಡ್ತೀನಿ. ಡಿಸೆಂಬರ್ ಕೊನೇ ಭಾನುವಾರ ಕೊನೇ 32 ಕಿ.ಮೀ. ಓಡ್ಬೇಕಲ್ಲ, ಆ ಹೊತ್ತಿಗೆ ಇಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಾಟ, ನೀರೂ ಸಿಗಲ್ಲ. ಮೈಸೂರಿಗೆ ಬರ್ಲಾ?

ಬೆಟ್ಟದ ಮೆಟ್ಟಿಲು:
ಬನ್ನಿ. ರಿಂಗ್ ರೋಡಲ್ಲಿ ನಾಲ್ಕೂವರೆಗೆ ಶುರು. ನಮ್ಮ ಮನೆಯವರು ಸ್ಕೂಟರಲ್ಲಿ ನೀರು ತರ್ತಾರೆ, ಎರಡು ಕಡೆ ಮಾತ್ರ ನಿಲ್ತಾರೆ. ಲೇಟಾಗಿ ಬಂದ್ರೆ ವಾಪಸ್ ಹೊರಟುಹೋಗ್ತಾರೆ, ಮೊದಲೇ ಹೇಳಿದ್ದೀನಿ.