ಬೀಗರ ಕಡೆ ಜನ ಜಾಸ್ತಿ ಆಗ್ತಿದ್ದಾರೆ, ಮನಸ್ಸು ಕೆಡದ ಹಾಗೆ ಹೇಗೆ ಹೇಳೋದು?

ಪ್ರಶ್ನೆ: ಹುಡುಗಿಯ ಅಣ್ಣ, ಮಂಡ್ಯ

ತಂಗಿ ಮದುವೆಗೆ ಇನ್ನು ಐದು ವಾರ ಇದೆ. ಹುಡುಗನ ಕಡೆಯವರು ಮೈಸೂರಿನವರು, ಒಳ್ಳೆ ಜನ. ನಿಶ್ಚಿತಾರ್ಥದ ದಿನ "ಮದುವೆ ನಾವು ಮಾಡಿಕೊಡ್ತೀವಿ, ಬೀಗರ ಊಟ ನಿಮ್ಮದು" ಅಂತ ಮಾತಾಗಿತ್ತು. ಆಗ ಅವರ ಕಡೆ 400 ಜನ, ನಮ್ಮ ಕಡೆ 300 ಅಂದುಕೊಂಡಿದ್ದೆವು. ಈಗ ಫೋನ್ ಮಾಡಿ ಅವರದೇ 800 ಆಗಬಹುದು ಅಂತಿದ್ದಾರೆ. ಅಡುಗೆಯವರ ಹತ್ತಿರ ಆರತಕ್ಷತೆ ಊಟ ಎಲೆಗೆ 320, ಮುಹೂರ್ತದ ಊಟ 280 ಅಂತ ಮಾತಾಡಿದ್ದೇವೆ. ಊಟದ ಹಾಲ್‌ನಲ್ಲಿ ಒಂದು ಸಲಕ್ಕೆ 250 ಜನ ಕೂರಬಹುದು. ಅಪ್ಪ "ಬೀಗರನ್ನ ಏನೂ ಕೇಳಬೇಡ, ಸಾಲ ಮಾಡೋಣ" ಅಂತಾರೆ. ಹೇಗೆ ಮಾತಾಡೋದು?

ಹೊಸದಾಗಿ ಮದುವೆಯಾದವರು, ಮೈಸೂರು

ಸಿಂಪಲ್ ಬ್ರದರ್. ಒಟ್ಟು ಖರ್ಚು ಬರೆದು ಅರ್ಧ ಅರ್ಧ ಮಾಡಿ. ನಮ್ಮದು ಹಾಗೇ ಆಯ್ತು, ಒಂದು ಮಾತೂ ಬರಲಿಲ್ಲ. ಎಲ್ಲ ವಾಟ್ಸಾಪ್‌ನಲ್ಲಿ ಬರೆದು ಇಟ್ಟುಕೊಳ್ಳಿ.

ನಿವೃತ್ತ ಶಿಕ್ಷಕಿ, ಮದ್ದೂರು

ಇದು ವರದಕ್ಷಿಣೆಯೇ ಅಲ್ವಾ? ನನ್ನ ಮಗಳ ಮದುವೆಯಲ್ಲೂ ಹೀಗೇ ಶುರುವಾಯ್ತು. ಮೊದಲು ಜನ ಜಾಸ್ತಿ ಅಂದರು. ಆಮೇಲೆ ಹುಡುಗನಿಗೆ ಚೈನು, ಕೊನೆಗೆ ಗಾಡಿ. ಈಗಲೇ ದೂರು ಕೊಡಿ ಅಂತೀನಿ.

ಕಲ್ಯಾಣ ಮಂಟಪದ ಮ್ಯಾನೇಜರ್, ಮಂಡ್ಯ

ಟೀಚರಮ್ಮ, ನಿಮಗೆ ಆಗಿದ್ದು ಅನ್ಯಾಯವೇ. ಹಣ, ಒಡವೆ, ಗಾಡಿ ಕೇಳಿದರೆ ಅದು 1961ರ ಕಾಯ್ದೆಯಲ್ಲಿ ಅಪರಾಧ, ಅಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಆದರೆ ಇವರ ಬೀಗರು ಏನನ್ನೂ ಕೇಳಿಲ್ಲ. ನೆಂಟರ ಪಟ್ಟಿ ಉದ್ದ ಆಗಿದೆ, ಅಷ್ಟೇ. ಎರಡನ್ನೂ ಒಂದೇ ಮಾಡಿದರೆ ಒಳ್ಳೆ ಸಂಬಂಧ ಸುಮ್ನೆ ಕೆಡುತ್ತೆ.

ಅರ್ಧ ಅರ್ಧ ಅಂದವರ ಮಾತು ಮೊದಲ ದಿನವೇ ಆಡಿದ್ದರೆ ಸರಿ. ಇಲ್ಲಿ ಆಗಲೇ "ನಾವು ಮಾಡಿಕೊಡ್ತೀವಿ" ಅಂತ ಮಾತು ಕೊಟ್ಟಾಗಿದೆ. ಈಗ ಎಲ್ಲದರಲ್ಲೂ ಅರ್ಧ ಕೇಳಿದರೆ ಬೀಗರಿಗೆ ನೀವು ಮಾತು ತಪ್ಪಿದ ಹಾಗೆ ಕಾಣುತ್ತೆ, ಅವರ ಜನ ಜಾಸ್ತಿ ಆದ ವಿಷಯ ಹಿಂದೆ ಸರಿಯುತ್ತೆ. ಅದಕ್ಕೇ ಹಳೆ ಮಾತು ಹಾಗೇ ಇರಲಿ. ಆ 700 ಜನರ ಊಟ ನಿಮ್ಮದೇ. ಮಾತಾಡಬೇಕಾದದ್ದು ಮೇಲಿನ 400ರ ಬಗ್ಗೆ ಮಾತ್ರ.

ಆ 400ರ ಲೆಕ್ಕ ಹಾಕಿ. ಆರತಕ್ಷತೆಗೆ 400 ಎಲೆ, 320ರಂತೆ 1,28,000 ರೂಪಾಯಿ. ಮೈಸೂರಿಂದ ಬಂದವರಲ್ಲಿ ಜಾಸ್ತಿ ಜನ ರಾತ್ರಿಯೇ ವಾಪಸ್ ಹೋಗ್ತಾರೆ. ಉಳಿಯುವವರು 100 ಅಂತಿಟ್ಟುಕೊಂಡರೂ ಮುಹೂರ್ತದ ಊಟ 28,000. ಒಟ್ಟು 1,56,000. ಅವರಿಗೆ ಬೆಳಗಿನ ತಿಂಡಿ, ರೂಮು ಬೇರೆ.

ಆದರೆ ದುಡ್ಡಿನಿಂದ ಮಾತು ಶುರು ಮಾಡಬೇಡಿ. ಪಂಕ್ತಿಯಿಂದ ಶುರು ಮಾಡಿ. ಬಡಿಸಿ, ಉಂಡು, ಎಲೆ ತೆಗೆದು ಮತ್ತೆ ಎಲೆ ಹಾಕೋಕೆ ಒಂದು ಪಂಕ್ತಿಗೆ 40 ನಿಮಿಷ ಹಿಡಿಯುತ್ತೆ. 700 ಜನ ಅಂದರೆ ಮೂರು ಪಂಕ್ತಿ. ಏಳೂವರೆಗೆ ಶುರುವಾದರೆ ಒಂಬತ್ತೂವರೆಗೆ ಮುಗಿಯುತ್ತೆ. 1,100 ಆದರೆ ಐದು ಪಂಕ್ತಿ. ಐದನೆಯದು ಕೂರುವುದೇ ಹತ್ತು ಗಂಟೆ ದಾಟಿದ ಮೇಲೆ. ಆ ಪಂಕ್ತಿಯಲ್ಲಿ ಯಾರು ಕೂರ್ತಾರೆ ಹೇಳಿ? ಹುಡುಗಿ ಕಡೆಯ ದೊಡ್ಡಪ್ಪ, ಚಿಕ್ಕಮ್ಮಂದಿರು. ಬೀಗರು ಮೊದಲು ಉಣ್ಣಲಿ ಅಂತ ನಿಂತಿರ್ತಾರೆ. ಅಷ್ಟು ಹೊತ್ತಿಗೆ ಹೋಳಿಗೆ ಎಣಿಸಿ ಹಾಕ್ತಿರ್ತಾರೆ, ಪಲ್ಯ ಒಂದು ಬಗೆ ಖಾಲಿಯಾಗಿರುತ್ತೆ. ಮನಸ್ತಾಪ ಹುಟ್ಟುವುದು ಅಲ್ಲಿ. ಬಿಲ್ಲಿನ ಜಗಳಕ್ಕಿಂತ ಊಟದ ಹಾಲ್ ಬಾಗಿಲಲ್ಲಿ ಕಾದವರ ಬೇಜಾರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಮಾತಾಡೋಕೆ ಅಪ್ಪನನ್ನ ಕಳಿಸಬೇಡಿ, ತಂಗಿ ಮತ್ತು ಹುಡುಗನ ಬಾಯಲ್ಲೂ ಹೇಳಿಸಬೇಡಿ. ಸೋದರಮಾವನೋ, ಸಂಬಂಧ ತಂದ ಹಿರಿಯರೋ ಅವರ ಮನೆಗೇ ಹೋಗಲಿ. ಫೋನ್‌ನಲ್ಲಿ, ವಾಟ್ಸಾಪ್‌ನಲ್ಲಿ ಈ ಮಾತು ಬೇಡ. ಆ ಮೆಸೇಜನ್ನ ಅವರ ಮನೆಯಲ್ಲಿ ಹತ್ತು ಜನ ಓದಿ ಹತ್ತು ಅರ್ಥ ಮಾಡ್ತಾರೆ. ಹೇಳುವುದು ಇಷ್ಟು: "ನಿಮ್ಮವರು ಎಷ್ಟು ಜನ ಬಂದರೂ ಸಂತೋಷ. ಆದರೆ ಈ ಹಾಲ್‌ನಲ್ಲಿ ಐದು ಪಂಕ್ತಿ ಆಗುತ್ತೆ, ಬಂದವರು ಕಾಯಬೇಕಾಗುತ್ತೆ. ಆಫೀಸಿನವರು, ಸ್ನೇಹಿತರನ್ನ ಬೀಗರ ಊಟಕ್ಕೆ ಕರೆದರೆ ಆಗುತ್ತಾ? ಇಲ್ಲ, ಎಲ್ಲರೂ ಇಲ್ಲಿಗೇ ಬರಲಿ ಅಂದರೆ ಜಾಸ್ತಿಯಾದ ಎಲೆ ನೀವು ನೋಡಿಕೊಳ್ಳಿ, ಬಡಿಸೋಕೆ ಇನ್ನಷ್ಟು ಜನ ನಾವು ಹಾಕಿಸ್ತೀವಿ." ಎರಡು ದಾರಿ ಇಟ್ಟರೆ ಆರಿಸುವ ಮಾತು ಅವರ ಕೈಯಲ್ಲಿರುತ್ತೆ. ಒಂದು ಗಮನಿಸಿ, ಬೀಗರ ಊಟ ನಮ್ಮ ಕಡೆ ಮಾಂಸದೂಟ. ಆಫೀಸಿನವರಲ್ಲಿ ಸಸ್ಯಾಹಾರಿಗಳಿದ್ದರೆ ಅವರಿಗೆ ಬೇರೆ ಅಡುಗೆ, ಬೇರೆ ಪಂಕ್ತಿ ಬೇಕು.

ಒಪ್ಪಿದರೆ ಆ ಹಣ ಅಪ್ಪನ ಕೈಗೆ ಬರುವುದು ಬೇಡ. ಬೀಗರೇ ನೇರವಾಗಿ ಅಡುಗೆಯವರಿಗೆ ಅಡ್ವಾನ್ಸ್ ಕೊಡಲಿ, ಅವರ ಹೆಸರಿಗೆ ಬೇರೆ ಬಿಲ್ ಆಗಲಿ.

ಹೊಸದಾಗಿ ಮದುವೆಯಾದವರು

ಸರ್, ಹಾಲ್‌ನಲ್ಲಿ ಯಾರು ಯಾವ ಕಡೆಯವರು ಅಂತ ಎಣಿಸೋದು ಹೇಗೆ? 800 ಅಂದು 600 ಬಂದರೆ?

ಮ್ಯಾನೇಜರ್

ಎಣಿಸೋಕೆ ಆಗಲ್ಲ, ಎಣಿಸಲೂಬಾರದು. ಬಾಗಿಲಲ್ಲಿ ನಿಂತು "ನೀವು ಯಾರ ಕಡೆ" ಅಂತ ಕೇಳಿದರೆ ಅದಕ್ಕಿಂತ ಅವಮಾನ ಇಲ್ಲ. ಅಡುಗೆಯವರಿಗೆ ಕೊನೆ ವಾರ ಒಂದು ಸಂಖ್ಯೆ ಹೇಳ್ತೀವಲ್ಲ, ಅದೇ ಲೆಕ್ಕ. ಆ ಎಲೆ ಖರ್ಚಾಗದಿದ್ದರೂ ದುಡ್ಡು ಕೊಡಬೇಕು. ಹಾಗಾಗಿ ತಮ್ಮ ಸಂಖ್ಯೆ ಬೀಗರೇ ಹೇಳಲಿ, ಕಮ್ಮಿಯಾದರೂ ಅದು ಅವರದೇ. ಹೀಗೆ ಅಂತ ಗೊತ್ತಾದ ಕೂಡಲೇ 800 ಅಂದವರು ತಾವೇ ಪಟ್ಟಿ ಹಿಡಿದು ಕೂರ್ತಾರೆ. ಕೇಳುವಾಗ "ಎಷ್ಟು ಕಾರ್ಡ್" ಅಂತ ಕೇಳಬೇಡಿ, ಹಳ್ಳಿಗೆ ಒಂದು ಕಾರ್ಡ್ ಹೋದರೆ ಮನೆಮಂದಿಯೆಲ್ಲ ಬರ್ತಾರೆ. ಎಷ್ಟು ಬಸ್ಸು, ಯಾವ ಊರಿಂದ ಅಂತ ಕೇಳಿ. ಒಂದು ಬಸ್ಸು ಅಂದರೆ ಐವತ್ತು ಜನ.

ಅಡುಗೆಯವರ ಬಿಲ್ ತಾಳೆ ನೋಡೋಕೆ ಮಾತ್ರ ಎಲೆ ಎಣಿಸಿ. ಸಂಜೆ ಬಂದ ಕಟ್ಟು ಎಷ್ಟು, ಉಳಿದದ್ದೆಷ್ಟು, ನಿಮ್ಮವರೊಬ್ಬರು ನೋಡಿದರೆ ಸಾಕು. ವಾಲಗದವರು, ಡ್ರೈವರ್‌ಗಳ ಊಟವೂ ಎಲೆಯೇ, ಅದನ್ನೂ ಸಂಖ್ಯೆಯಲ್ಲಿ ಸೇರಿಸಿ.

ಹುಡುಗಿಯ ಅಣ್ಣ, ಒಂದು ವಾರದ ನಂತರ

ಸರ್, ಸೋದರಮಾವ ಹೋಗಿ ಬಂದರು. ಪಂಕ್ತಿ ವಿಷಯ ಹೇಳಿದಾಗ ಹುಡುಗನ ತಾಯಿಯೇ "ನಮ್ಮವರು ಕಾಯೋದು ಬೇಡ" ಅಂದರಂತೆ. ಆಫೀಸಿನ 250 ಜನರನ್ನ ಬೀಗರ ಊಟಕ್ಕೆ ಕರೀತಾರೆ. ಉಳಿದ 150 ಎಲೆಗೆ ಅವರೇ ಅಡುಗೆಯವರಿಗೆ ಅಡ್ವಾನ್ಸ್ ಹಾಕಿದ್ದಾರೆ. ಅಪ್ಪನಿಗೆ ಮಾತ್ರ ಸಮಾಧಾನ ಇಲ್ಲ, ಬೀಗರ ಕೈಯಲ್ಲಿ ದುಡ್ಡು ಹಾಕಿಸಿದೆವು ಅಂತ ಕೊರಗ್ತಿದ್ದಾರೆ. ಇನ್ನೊಂದು ವಿಷಯ, ಸ್ಟೇಜ್ ಡೆಕೊರೇಷನ್‌ಗೆ ಅವರು ಮೈಸೂರಿಂದ ತಮ್ಮವರನ್ನ ಕರೆಸ್ತಾರಂತೆ.

ಮ್ಯಾನೇಜರ್

ಹೊರಗಿನವರನ್ನ ಬಿಡ್ತಾರಾ ಅಂತ ಛತ್ರದಲ್ಲಿ ಮೊದಲು ಕೇಳಿ. ಕೆಲವು ಕಡೆ ಬಿಡಲ್ಲ, ಕೆಲವು ಕಡೆ ಅದಕ್ಕೆ ಬೇರೆ ದುಡ್ಡು ತಗೊಳ್ತಾರೆ. ಕರೆಂಟ್ ಮೀಟರ್ ಲೆಕ್ಕವೂ ಇರುತ್ತೆ, ಸ್ಟೇಜ್ ಲೈಟು ಜಾಸ್ತಿ ಎಳೆಯುತ್ತೆ. ಕರೆಸುವವರೇ ಅದನ್ನೂ ನೋಡಿಕೊಳ್ಳೋದು ನ್ಯಾಯ. ಆದರೆ ಊಟದ ಮಾತು ಈಗಷ್ಟೇ ಮುಗಿದಿದೆ, ಇದನ್ನ ನೀವಾಗಿ ಎತ್ತಬೇಡಿ, ಛತ್ರದವರ ಬಾಯಲ್ಲೇ ಬರಲಿ.

ಹುಡುಗಿಯ ಅಣ್ಣ

ಭಾನುವಾರ ಎರಡೂ ಮನೆಯವರು ಛತ್ರ ನೋಡೋಕೆ ಹೋಗ್ತಿದ್ದೇವೆ. ಅಲ್ಲೇ ಕೇಳ್ತೇವೆ.