ಓಡುವ ಆಟೋದ ಸೀನು, ನಿಂತ ಆಟೋದಲ್ಲಿ: ಹೇಗೆ ಬರೆಯಬೇಕು?

ಮಹಾಂತೇಶ, ಕಲಬುರಗಿ: ಹನ್ನೆರಡು ನಿಮಿಷದ ಕಿರುಚಿತ್ರ ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದ ತಮ್ಮನನ್ನು ಅಕ್ಕ ಸ್ಟೇಷನ್ನಿನಿಂದ ಆಟೋದಲ್ಲಿ ಮನೆಗೆ ಕರೆದುಕೊಂಡು ಹೋಗುತ್ತಾಳೆ. ತೊಗರಿ ಹೊಲ ಮಾರಿದ ಸುದ್ದಿಯನ್ನು ದಾರಿಯಲ್ಲಿ ಹೇಳುತ್ತಾಳೆ. ಮೂರು ಪುಟ ಮಾತು. ನಮ್ಮ ಕಾಕಾನ ಆಟೋ ಇದೆ, ಎರಡು ಫೋನು, ಎರಡು ಎಲ್‌ಇಡಿ ಲೈಟು. ಓಡುವ ಗಾಡಿಗೆ ಕ್ಯಾಮೆರಾ ಕಟ್ಟುವ ರಿಗ್ ಬಾಡಿಗೆಗೆ ತರುವಷ್ಟು ದುಡ್ಡಿಲ್ಲ. ಓಡುವ ಆಟೋದಲ್ಲಿ ಒಮ್ಮೆ ತೆಗೆದು ನೋಡಿದೆವು. ಒಂದು ಮಾತೂ ಕೇಳಲಿಲ್ಲ. ಸೀನನ್ನೇ ಬೇರೆ ರೀತಿ ಬರೆಯಬೇಕಾ?

ವಿನಯ್, ಬೀದರ್: ಬರೆಯೋದೇನೂ ಬದಲಾಯಿಸಬೇಡಿ. ಆಟೋ ನಿಲ್ಲಿಸಿ ರಾತ್ರಿ ಶೂಟ್ ಮಾಡಿ, ಕ್ಯಾಮೆರಾ ಸ್ವಲ್ಪ ಅಲ್ಲಾಡಿಸಿ, ಮೇಲೆ ಎಂಜಿನ್ ಸೌಂಡ್ ಹಾಕಿ. ಆಯ್ತು. ನಾವು ಕಾಲೇಜಿನಲ್ಲಿ ಹಾಗೇ ಮಾಡಿದ್ವಿ.

ಶಿವಲೀಲಾ (ಚಿತ್ರಕಥೆ, ಸಹಾಯಕ ನಿರ್ದೇಶನ): ವಿನಯ್ ಹೇಳಿದ್ದರಲ್ಲಿ ರಾತ್ರಿ ಅನ್ನೋದು ಸರಿ, ಸೌಂಡೂ ಸರಿ. ಕ್ಯಾಮೆರಾ ಅಲ್ಲಾಡಿಸೋದು ಮಾತ್ರ ಬೇಡ. ನೀವು ಆಟೋದಲ್ಲಿ ಕೂತಿದ್ದರೆ ನಿಮ್ಮ ಕಣ್ಣಿಗೆ ಆಟೋ ಅಲ್ಲಾಡುವುದು ಕಾಣುವುದಿಲ್ಲ, ನೀವೂ ಅದರ ಜೊತೆಗೇ ಅಲ್ಲಾಡುತ್ತಿರುತ್ತೀರಿ. ಕಾಣುವುದು ಪಕ್ಕದವರ ಭುಜ, ಜುಮಕಿ, ಕಾಲ ಮೇಲಿನ ಬ್ಯಾಗು. ಬರೀ ಕ್ಯಾಮೆರಾ ಅಲ್ಲಾಡಿಸಿದರೆ ಭೂಕಂಪ ಆದ ಹಾಗಿರುತ್ತದೆ: ಫ್ರೇಮೆಲ್ಲ ಕುಣಿಯುತ್ತದೆ, ಜುಮಕಿ ಮಾತ್ರ ನೇರ ನಿಂತಿರುತ್ತದೆ. ಆಟೋ ಹಗುರದ ಗಾಡಿ. ಹಿಂದಿನ ಬಂಪರ್ ಹಿಡಿದು ಒಬ್ಬರು ಮೆಲ್ಲಗೆ ಒತ್ತಿ ಬಿಡುತ್ತಿದ್ದರೆ ಸಾಕು, ಸ್ಪ್ರಿಂಗು ಉಳಿದ ಕೆಲಸ ಮಾಡುತ್ತದೆ.

ಈಗ ಮಹಾಂತೇಶ್ ಅವರೇ, ಹೌದು, ಸೀನು ಬೇರೆ ರೀತಿ ಬರೆಯಬೇಕು. ಮೊದಲು ಒಂದು ವಿಷಯ ನೋಡಿ. ಡ್ರೈವರ್ ಸೀಟಿನ ಜಾಗದಿಂದ ಹಿಂದಕ್ಕೆ ತಿರುಗಿ ನೋಡಿದರೆ ಏನು ಕಾಣುತ್ತದೆ? ಇಬ್ಬರು ಮನುಷ್ಯರು, ಅವರ ಹಿಂದೆ ರೆಕ್ಸಿನ್. ಅಲ್ಲಿ ಊರೇ ಇಲ್ಲ! ಓಡುತ್ತಿದ್ದರೂ ನಿಂತಿದ್ದರೂ ಆ ರೆಕ್ಸಿನ್ ಒಂದೇ. ಹಿಂದಿನ ಚಿಕ್ಕ ಕಿಂಡಿಗೆ ಒಂದು ಸ್ಟಿಕರ್ ಹಚ್ಚಿಬಿಡಿ. ಮಾತಿನ ಭಾಗ ಪೂರ್ತಿ ಈ ಕಡೆಯಿಂದ ನೋಡುವಂತೆ ಬರೆಯಿರಿ. ತೊಂದರೆ ಇರುವುದು ಎರಡು ಪಕ್ಕದಲ್ಲಿ, ಅಲ್ಲಿ ಆಟೋ ತೆರೆದೇ ಇರುತ್ತದೆ. ನಿಮ್ಮ ಮೂರು ಪುಟದಲ್ಲಿ ಅಕ್ಕ ಎಷ್ಟು ಸಲ ಹೊರಗೆ ಕೈ ತೋರಿಸುತ್ತಾಳೆ, ಎಣಿಸಿ ಹೇಳಿ.

ಮಹಾಂತೇಶ: ಐದು ಸಲ, ಅಕ್ಕಾ. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಅಪ್ಪನ ಕೆರೆ, ಇನ್ನೆರಡು ಅಂಗಡಿ. ಊರು ಎಷ್ಟು ಬದಲಾಗಿದೆ ಅಂತ ತೋರಿಸಬೇಕಿತ್ತು.

ಶಿವಲೀಲಾ: ಪ್ರತಿ ಸಲವೂ ನಿಮಗೆ ಓಡುವ ಊರು ಬೇಕು. ಅಂದರೆ ಐದು ರಿಗ್ ಶಾಟು ಬರೆದಿದ್ದೀರಿ. ಒಂದೇ ಇಟ್ಟುಕೊಳ್ಳಿ, ಅದನ್ನೂ ಮಾತಿಲ್ಲದೆ. ಹಿಂದಿನ ಸೀಟಿನಲ್ಲಿ ಕೂತು ಕಾಕಾನ ಭುಜದ ಮೇಲಿಂದ ಎದುರಿನ ರಸ್ತೆ, ಇಪ್ಪತ್ತು ಸೆಕೆಂಡು. ಇದನ್ನು ನಿಜವಾಗಿ ಓಡುವಾಗಲೇ ತೆಗೆಯಿರಿ. ತುಟಿ ಕಾಣುವುದಿಲ್ಲ, ಆದ್ದರಿಂದ ಯಾವ ಮಾತನ್ನಾದರೂ ಆಮೇಲೆ ಅದರ ಮೇಲೆ ಕೂರಿಸಬಹುದು. ಸೀನು ಇದರಿಂದಲೇ ಶುರುವಾಗಲಿ. ಒಮ್ಮೆ ಓಡುವುದನ್ನು ಕಣ್ಣಾರೆ ನೋಡಿದ ಮೇಲೆ ಪ್ರೇಕ್ಷಕರು ಮುಂದಿನದನ್ನು ಸುಲಭವಾಗಿ ನಂಬುತ್ತಾರೆ.

ಉಳಿದದ್ದಕ್ಕೆ ನನ್ನ ಸಲಹೆ ಮಳೆ. ಮಳೆ ಅಂದರೆ ಟ್ಯಾಂಕರ್ ಅಲ್ಲ, ನಾಲ್ಕು ಹನಿ. ಹನಿ ಬಿತ್ತು, ಡ್ರೈವರ್ ಗಾಡಿ ಪಕ್ಕಕ್ಕೆ ಹಾಕಿದ, ಎಂಜಿನ್ ಆಫ್ ಮಾಡಿದ, ಇಳಿದು ಪಕ್ಕದ ಪರದೆ ಬಿಡತೊಡಗಿದ. ನಿಮ್ಮ ಸೀನಿನ ಮುಖ್ಯ ಮಾತು ಇಲ್ಲಿ ಬರಲಿ. ಯಾಕಂದರೆ ಈಗ ಗಾಡಿ ಕಥೆಯಲ್ಲೂ ನಿಂತಿದೆ, ಶೂಟಿಂಗಿನಲ್ಲೂ ನಿಂತಿದೆ. ಸುಳ್ಳೇ ಇಲ್ಲ. ಮಾತನ್ನು ಅಲ್ಲೇ ಚೆನ್ನಾಗಿ ರೆಕಾರ್ಡ್ ಮಾಡಬಹುದು. ಆಮೇಲೆ ಗಾಡಿ ಹೊರಡುವಾಗ ಎರಡೂ ಕಡೆ ಪರದೆ ಇಳಿದಿರುತ್ತದೆ, ಹೊರಗಿನ ಊರು ತಾನಾಗಿ ಮುಚ್ಚಿರುತ್ತದೆ. ಪರದೆಯ ಹೊರಗೆ ನೀರಿನ ಬಾಟಲಿ ಹಿಡಿದು ಒಬ್ಬರು ನಿಂತರೆ ಆಯಿತು.

ನಾನಾದರೆ ಹೀಗೆ ಬರೆಯುತ್ತೇನೆ:

> ಎಂಜಿನ್ ನಿಲ್ಲುತ್ತದೆ. ರೆಕ್ಸಿನ್ ಮೇಲೆ ಹನಿ ಬೀಳುವ ಸದ್ದು. ಡ್ರೈವರ್ ಇಳಿದು ಎಡಗಡೆಯ ಪರದೆಯ ಗಂಟು ಬಿಚ್ಚುತ್ತಾನೆ.
> ಅಕ್ಕ: ಅವ್ವ ಹೊಲ ಕೊಟ್ಟಳು.
> ತಮ್ಮ: ಯಾವ ಹೊಲ?
> ಅಕ್ಕ: ನಮ್ಗ ಎಷ್ಟ ಹೊಲ ಅದಾವ?
> ಎಡಗಡೆ ಪರದೆ ಬೀಳುತ್ತದೆ. ತಮ್ಮನ ಮುಖ ಕತ್ತಲು. ಡ್ರೈವರ್ ಬಲಗಡೆಗೆ ಬರುತ್ತಾನೆ. ಇಬ್ಬರೂ ಸುಮ್ಮನಾಗುತ್ತಾರೆ. ಬಲಗಡೆ ಪರದೆಯೂ ಬೀಳುತ್ತದೆ. ಎಂಜಿನ್ ಶುರು.
> ತಮ್ಮ (ಎಂಜಿನ್ ಸದ್ದಿಗಿಂತ ಜೋರಾಗಿ): ಎಷ್ಟಕ್ಕ?
> ಹಂಪ್. ಅಕ್ಕ ಮುಂದಿನ ಕಂಬಿ ಹಿಡಿಯುತ್ತಾಳೆ. ಉತ್ತರ ಕೊಡುವುದಿಲ್ಲ.

ಮೂರು ಪುಟದ್ದು ಒಂದೂವರೆ ಪುಟಕ್ಕೆ ಬಂತು ಅಂದುಕೊಳ್ಳಿ. ಹಂಪ್ ಎಲ್ಲಿ ಬರುತ್ತದೆ ಅಂತ ಸ್ಕ್ರಿಪ್ಟಿನಲ್ಲೇ ಬರೆದಿದ್ದೇನೆ, ಗಮನಿಸಿ. ಬರೆಯದಿದ್ದರೆ ಬಂಪರ್ ಒತ್ತುವವರು ಒಂದು ಕ್ಷಣಕ್ಕೆ ಒತ್ತುತ್ತಾರೆ, ಅಕ್ಕ ಇನ್ನೊಂದು ಕ್ಷಣಕ್ಕೆ ಜೋಲಿ ಹೊಡೆಯುತ್ತಾಳೆ. ‘ಎಷ್ಟಕ್ಕ’ ಅನ್ನುವ ಮಾತೇ ಇಬ್ಬರಿಗೂ ಸನ್ನೆ. ತಮ್ಮ ಜೋರಾಗಿ ಕೇಳುವುದನ್ನೂ ಬಿಡಬೇಡಿ. ನಿಂತ ಗಾಡಿಯಲ್ಲಿ ಕಲಾವಿದರು ಮೆತ್ತಗೆ ಮಾತಾಡಿಬಿಡುತ್ತಾರೆ, ಆಮೇಲೆ ಅದರ ಮೇಲೆ ಎಂಜಿನ್ ಸೌಂಡ್ ಹಾಕಿದಾಗ ಮಾತು ಬೇರೆ ಎಲ್ಲೋ ಆಡಿದ ಹಾಗೆ ಕೇಳಿಸುತ್ತದೆ. ಸುಳ್ಳು ಸಿಕ್ಕಿಬೀಳುವುದು ಕಣ್ಣಿಗಿಂತ ಕಿವಿಗೇ ಜಾಸ್ತಿ.

ಖಾಜಾ, ಆಟೋ ಚಾಲಕ: ಮೇಡಂ, ಒಂದು ಮಾತು. ಪರದೆ ಬಿಡೋಕೆ ಯಾರೂ ಎಂಜಿನ್ ಬಂದ್ ಮಾಡೋದಿಲ್ಲ. ಗಾಡಿ ಚಾಲೂ ಇಟ್ಟೇ ಇಳಿದು ಗಂಟು ಬಿಚ್ಚಿ ಬರ್ತೀವಿ, ಅರ್ಧ ನಿಮಿಷದ ಕೆಲಸ. ನಮ್ಮವರು ನೋಡಿದರೆ ನಗ್ತಾರೆ.

ಶಿವಲೀಲಾ: ಖಾಜಾ ಭಾಯ್, ಇದು ನನಗೆ ಹೊಳೆದಿರಲಿಲ್ಲ. ಆದರೆ ಆ ನಿಶ್ಶಬ್ದ ನನಗೆ ಬೇಕೇ ಬೇಕು. ಡ್ರೈವರ್ ಎಂಜಿನ್ ಆಫ್ ಮಾಡೋಕೆ ಏನು ಕಾರಣ ಇರಬಹುದು?

ಖಾಜಾ: ಗಂಟು ಕಗ್ಗಂಟಾಗಿದ್ದರೆ ಆಫ್ ಮಾಡ್ತೀವಿ. ಮಳೆಗಾಲದ ಮೊದಲನೇ ಮಳೆ ಅಂದ್ರೆ ಪರದೆ ತಿಂಗಳುಗಟ್ಟಲೆ ಸುತ್ತಿಟ್ಟಿರ್ತದೆ, ಧೂಳು ಕೂತು ಬಿಚ್ಚೋಕೇ ಬರೋದಿಲ್ಲ. ಸುಮ್ನೆ ಗ್ಯಾಸ್ ಯಾಕೆ ಸುಡಬೇಕು?

ಮಹಾಂತೇಶ: ಕಾಕಾನ್ನ ಕೇಳಿದೆ. ಅವರು ‘ನಾ ಅಂತೂ ಬಂದ್ ಮಾಡ್ತೀನಿ’ ಅಂದರು. ಹಾಗಾಗಿ ಇಬ್ಬರದೂ ಬೇರೆ ಬೇರೆ. ಮೊದಲ ಮಳೆ, ಕಗ್ಗಂಟು ಅನ್ನೋದನ್ನೇ ಇಟ್ಟುಕೊಳ್ಳುತ್ತೇನೆ. ಹೊಲ ಮಾರಿದ ವರ್ಷದ ಮೊದಲ ಮಳೆ ಅಂತಲೂ ಆಗುತ್ತೆ, ಬಿತ್ತನೆಯ ಹೊತ್ತು. ಅಕ್ಕಾ, ಗಾಡಿ ಮತ್ತೆ ಹೊರಟ ಮೇಲೆ ಬೆಳಕು ಹೇಗೆ? ಎರಡೇ ಲೈಟು.

ಶಿವಲೀಲಾ: ಎರಡೇ ಸಾಕು. ಒಂದು ಬೀದಿ ದೀಪ, ಒಂದು ಎದುರು ಬರುವ ಗಾಡಿ. ನಾವು ಎಡಗಡೆ ಓಡಿಸುವವರು. ಆದ್ದರಿಂದ ಎದುರಿನ ಗಾಡಿಯ ಬೆಳಕು ಬಲಗಡೆಯ ಪರದೆಯ ಮೇಲೆ ಬರಲಿ, ಕಂಬದ ದೀಪ ಎಡಗಡೆ ಮೇಲಿನಿಂದ. ಎರಡೂ ಮುಂದಿನಿಂದ ಹಿಂದಕ್ಕೇ ಹೋಗಬೇಕು. ಹುಡುಗರು ಅವಸರದಲ್ಲಿ ಹಿಂದಿನಿಂದ ಮುಂದಕ್ಕೆ ಓಡಿಬಿಡುತ್ತಾರೆ, ಆಗ ಆಟೋ ರಿವರ್ಸ್ ಹೋದ ಹಾಗಾಗುತ್ತದೆ.

ಇನ್ನು ಲೆಕ್ಕ. ಕಂಬದಿಂದ ಕಂಬಕ್ಕೆ 30 ಮೀಟರ್ ಅಂದುಕೊಳ್ಳಿ. ಆಟೋ 30 ಕಿ.ಮೀ. ಸ್ಪೀಡಿನಲ್ಲಿ ಹೋದರೆ ಸುಮಾರು ಮೂರೂವರೆ ಸೆಕೆಂಡಿಗೆ ಒಂದು ಕಂಬ ಬರುತ್ತದೆ. ಲೈಟ್ ಹಿಡಿದವರಿಗೆ ಇದು ತುಂಬಾ ನಿಧಾನ ಅನ್ನಿಸುತ್ತದೆ, ಸೆಕೆಂಡಿಗೊಂದು ಹೊಡೆಯುತ್ತಾರೆ. ಆಗ ನಿಮ್ಮ ಆಟೋ ಗಂಟೆಗೆ ನೂರು ಕಿ.ಮೀ. ದಾಟಿತು ಅಂತ ಅರ್ಥ. ‘ಒಂದು, ಎರಡು, ಮೂರು’ ಅಂತ ಮನಸ್ಸಿನಲ್ಲಿ ಎಣಿಸಿ, ಆಮೇಲೆ ಹೊಡೆಯಲು ಹೇಳಿ. ಸ್ಕ್ರಿಪ್ಟಿನಲ್ಲಿ ಪ್ರತಿ ಬೆಳಕನ್ನೂ ಬರೆಯಬೇಡಿ. ಕತ್ತಲು ಎಲ್ಲಿ ಬೇಕು ಅನ್ನೋದನ್ನು ಮಾತ್ರ ಬರೆಯಿರಿ. ನಿಮ್ಮ ಸೀನಿನಲ್ಲಿ ‘ಎಷ್ಟಕ್ಕ’ ಆದ ಮೇಲೆ ಒಂದು ಕಂಬದ ದೀಪ ಕೆಟ್ಟಿದೆ ಅನ್ನಿ. ಏಳು ಸೆಕೆಂಡು ಕತ್ತಲು ಸಿಗುತ್ತದೆ. ಅಕ್ಕನ ಮುಖ ಕಾಣುವುದಿಲ್ಲ, ಉತ್ತರವೂ ಇಲ್ಲ.

ರೇಣುಕಾ, ಹುಮನಾಬಾದ್: ನಮ್ಮದು ಬಸ್ಸು, ಅದೂ ಹಗಲು. ಬೀದರ್‌ನಿಂದ ಹುಮನಾಬಾದ್‌ಗೆ. ಉಚಿತ ಟಿಕೆಟ್ ಪಡೆದ ಅಜ್ಜಿ ಮತ್ತು ಕಂಡಕ್ಟರ್ ನಡುವೆ ಮಾತು. ಬಸ್ಸಿಗೆ ಪರದೆ ಎಲ್ಲಿಂದ ತರಲಿ?

ಶಿವಲೀಲಾ: ಬಸ್ಸಿಗೆ ಪರದೆ ಅಂದರೆ ಜನ. ಸೀಟು ತುಂಬಿದೆ, ನಿಂತವರೇ ಜಾಸ್ತಿ ಅಂತ ಬರೆಯಿರಿ. ಅಜ್ಜಿಯ ಪಕ್ಕದ ಕಿಟಕಿಗೆ ಬೆನ್ನು, ಸೆರಗು, ಚೀಲ ಅಡ್ಡ ಬರಲಿ. ಉಳಿದ ಕಿಟಕಿಯ ಗಾಜಿಗೆ ಧೂಳು ಇರಲಿ. ಒಳಗಿನ ಮುಖಕ್ಕೆ ಎಕ್ಸ್‌ಪೋಷರ್ ಲಾಕ್ ಮಾಡಿದರೆ ಹೊರಗೆ ಬೆಳ್ಳಗೆ ಹೊಡೆಯುತ್ತದೆ, ಮರ ನಿಂತಿದೆಯಾ ಓಡುತ್ತಿದೆಯಾ ಗೊತ್ತಾಗುವುದಿಲ್ಲ. ಬಸ್ಸನ್ನು ಕೈಯಲ್ಲಿ ಅಲ್ಲಾಡಿಸಲು ಆಗದು. ಅಲ್ಲಾಡಬೇಕಾದವರು ಜನ, ಅದೂ ಎಲ್ಲರೂ ಒಟ್ಟಿಗೆ. ಅದಕ್ಕೆ ಕಂಡಕ್ಟರ್ ಸೀಟಿಯನ್ನೇ ಸನ್ನೆ ಮಾಡಿ: ಸೀಟಿ, ಬ್ರೇಕ್, ಎಲ್ಲರೂ ಮುಂದಕ್ಕೆ. ಒಬ್ಬರು ತಡವಾಗಿ ವಾಲಿದರೂ ಸಿಕ್ಕಿಬೀಳುತ್ತೀರಿ. ಒಂದು ಸಲ ನಮ್ಮ ಶಾಟಿನಲ್ಲಿ ಹಿಂದಿನ ಸೀಟಿನವರೊಬ್ಬರು ನಿದ್ದೆ ಮಾಡುವ ಪಾತ್ರ ಅಂತ ಅಲ್ಲಾಡಲೇ ಇಲ್ಲ. ಎಡಿಟಿಂಗಿನಲ್ಲಿ ಅವರೊಬ್ಬರೇ ಕಾಣುತ್ತಿದ್ದರು. ಬಸ್ಸು ಸರ್ಕಾರದ್ದಾದರೆ ಸಂಸ್ಥೆಯ ಅನುಮತಿ ಬೇಕು. ರಜಾ ದಿನದಲ್ಲಿ ನಿಂತ ಖಾಸಗಿ ಬಸ್ಸು ಸಿಕ್ಕರೆ ಸುಲಭ.

ವಿನಯ್: ಒಪ್ಪಿದೆ. ಆದರೆ ಒಂದು ಅನುಮಾನ. ಪರದೆ, ಜನ, ಧೂಳು ಅಂತ ಎಲ್ಲವನ್ನೂ ಮುಚ್ಚಿಬಿಟ್ಟರೆ ಕಲಬುರಗಿ ಎಲ್ಲಿ ಕಾಣುತ್ತೆ? ಯಾವ ಊರಿನ ಆಟೋ ಆದರೂ ಇಷ್ಟೇ ಅಲ್ವಾ?

ಶಿವಲೀಲಾ: ಇದಕ್ಕೆ ನನ್ನ ಹತ್ತಿರ ಅರ್ಧ ಉತ್ತರ ಇದೆ. ಊರನ್ನು ಕೇಳಿಸಬಹುದು. ಪರದೆಯ ಹೊರಗಿನಿಂದ ‘ಆಳಂದ, ಆಳಂದ, ಆಳಂದ’ ಅಂತ ಕೂಗು ಬಂದರೆ ಇಲ್ಲಿನವರಿಗೆ ಊರು ಗೊತ್ತಾಗುತ್ತದೆ. ಬೇರೆ ಕಡೆಯವರಿಗೆ ಗೊತ್ತಾಗುವುದಿಲ್ಲ. ನಿಜವಾದ ರಸ್ತೆಯ ಆ ಇಪ್ಪತ್ತು ಸೆಕೆಂಡನ್ನು ಜಗತ್ ಸರ್ಕಲ್ಲಿನಲ್ಲೇ ತೆಗೆಯಿರಿ ಅನ್ನಬಲ್ಲೆ, ಅಷ್ಟೇ. ಊರು ತೋರಿಸುವುದೇ ಮುಖ್ಯ ಅಂತಿದ್ದರೆ ಆಟೋದ ಸೀನಿಗಿಂತ ನಡೆದುಕೊಂಡು ಹೋಗುವ ಸೀನು ಒಳ್ಳೆಯದು.

ಮಹಾಂತೇಶ: ನಡೆಸೋಕೆ ಆಗಲ್ಲ, ತಮ್ಮನ ಕೈಯಲ್ಲಿ ಎರಡು ಬ್ಯಾಗಿದೆ. 🙂 ಇನ್ನೊಂದೇ ಪ್ರಶ್ನೆ. ಗಂಟು ಬಿಚ್ಚುವಾಗ ಹೊಲದ ಮಾತು ಡ್ರೈವರ್‌ಗೆ ಕೇಳಿಸಿತಾ ಇಲ್ವಾ? ಏನು ಬರೆಯಲಿ?

ಖಾಜಾ: ಕೇಳಿಸಿರ್ತದೆ. ಗಂಟು ಬಿಚ್ಚುವವನು ಒಂದು ಮೊಳ ದೂರದಲ್ಲಿ ನಿಂತಿರ್ತಾನೆ.

ಶಿವಲೀಲಾ: ಹಾಗಾದರೆ ಎಂಜಿನ್ ಶುರು ಆಗುವ ಮೊದಲು ಒಂದು ಸಾಲು ಸೇರಿಸಿ: ಡ್ರೈವರ್ ಸೀಟಿಗೆ ಬಂದು ಕೂತು, ಕನ್ನಡಿಯಲ್ಲಿ ಒಮ್ಮೆ ನೋಡಿ, ಕನ್ನಡಿಯನ್ನು ಪಕ್ಕಕ್ಕೆ ತಿರುಗಿಸುತ್ತಾನೆ. ಗಾಡಿ ಆಗಲೂ ನಿಂತೇ ಇರುತ್ತದೆ, ಖರ್ಚಿಲ್ಲ. ಕಾಕಾನ ಆಟೋದಲ್ಲಿ ಒಳಗೆ ಕನ್ನಡಿ ಇದೆಯಾ, ನೋಡಿ ಹೇಳಿ.