ವಾಚ್ ಕಟ್ಟಿದ್ರೆ ತುರಿಕೆ: ತಪ್ಪು ಕೇಸಿನದ್ದಾ, ಬಕಲ್‌ದಾ?

"ಚಿಕ್ಕಪ್ಪ, ಅಪ್ಪನ ಅರವತ್ತರ ಶಾಂತಿಗೆ ವಾಚ್ ಕೊಡಿಸೋಣ ಅಂತಿದೀವಿ. ಈಗಿರೋ ಲೆದರ್ ಸ್ಟ್ರಾಪ್ ವಾಚ್ ಕಟ್ಟಿದ್ರೆ ಮಣಿಕಟ್ಟಿನ ಒಳಗಡೆ ಕೆಂಪಾಗಿ ತುರಿಸತ್ತೆ. ಅಂಗಡೀಲಿ 316 ಎಲ್, 904 ಎಲ್, ಟೈಟಾನಿಯಂ, ಸೆರಾಮಿಕ್ ಅಂತೆಲ್ಲ ಹೇಳ್ತಾರೆ. ಹಗುರ ಇರ್ಬೇಕು, ಗೀರು ಬೀಳ್ಬಾರ್ದು. ಯಾವ್ದು ತಗೊಳ್ಳೋದು?"

ಪುಟ್ಟಿ, ಸ್ವಲ್ಪ ಉದ್ದ ಆಗತ್ತೆ, ಬಿಡುವಾದಾಗ ಕೇಳಿಸ್ಕೊ. ಮಣಿಕಟ್ಟಿನ ಒಳಗಡೆ ಅಂದ್ಯಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಆ ಜಾಗದಲ್ಲಿ ಚರ್ಮಕ್ಕೆ ಒತ್ಕೊಂಡಿರೋದು ಕೇಸ್ ಅಲ್ಲ, ಬಕಲ್. ಸ್ಟ್ರಾಪ್ ವಾಚಿನ ಬಕಲ್ ಎಷ್ಟೋ ಸಲ ಹಿತ್ತಾಳೆದಾಗಿರತ್ತೆ, ಅದರ ಮೇಲೆ ನಿಕಲ್ ಪ್ಲೇಟಿಂಗ್, ಅದರ ಮೇಲೆ ತೆಳ್ಳಗೆ ಕ್ರೋಮ್ ಅಥವಾ ಚಿನ್ನದ ಬಣ್ಣ. ಹೊಸದ್ರಲ್ಲಿ ಏನೂ ಆಗಲ್ಲ. ವರ್ಷ ಎರಡು ವರ್ಷ ಕಳೆದ್ಮೇಲೆ ಅಂಚು ಸವೆದು ಒಳಗಿನ ನಿಕಲ್ ಹೊರಗೆ ಬರತ್ತೆ, ಬೆವರಿನ ಉಪ್ಪು ಅದನ್ನ ಕರಗಿಸಿ ಚರ್ಮಕ್ಕೆ ಸೇರಿಸತ್ತೆ. "ಇಷ್ಟು ದಿನ ಇರ್ಲಿಲ್ಲ, ಈಗ್ಯಾಕೆ ಶುರುವಾಯ್ತು" ಅಂತ ಜನ ಕೇಳೋದಕ್ಕೆ ಇದೇ ಕಾರಣ.

ಮೊದ್ಲು ಅಣ್ಣನ ಕೈ ನೋಡು. ಕೆಂಪಾಗಿರೋ ಗುರುತು ಬಕಲ್ ಆಕಾರದಲ್ಲೇ ಇದ್ಯಾ? ಸಣ್ಣ ಗುಳ್ಳೆ ಎದ್ದು, ವಾಚ್ ಬಿಚ್ಚಿಟ್ಟು ವಾರ ಆದ್ರೂ ತುರಿಕೆ ಉಳ್ಕೊಂಡ್ರೆ ನಿಕಲ್ ಅಲರ್ಜಿ ಇರೋ ಸಾಧ್ಯತೆ ಹೆಚ್ಚು. ಇದು ಕಟ್ಟಿದ ತಕ್ಷಣ ಬರಲ್ಲ, ಒಂದೆರಡು ದಿನ ಬಿಟ್ಟು ಕಾಣಿಸ್ಕೊಳ್ಳತ್ತೆ, ಅದಕ್ಕೇ ವಾಚಿನ ಮೇಲೆ ಅನುಮಾನ ಬರೋದು ತಡ. ಗುರುತಿಗೆ ಒಂದು ಆಕಾರ ಇಲ್ಲದೆ ಒದ್ದೆ ಒದ್ದೆಯಾಗಿ ಕೆಂಪಾಗಿದ್ದು, ಎರಡು ಮೂರು ದಿನ ಬಿಚ್ಚಿಟ್ರೆ ತಾನಾಗೇ ಹೋದ್ರೆ ಅದು ಬೆವರು, ಸೋಪು ಅಡಿಯಲ್ಲಿ ನಿಂತು ಆಗಿರೋದು. ಅದಕ್ಕೆ ಲೋಹ ಬದಲಾಯಿಸಿ ಪ್ರಯೋಜನ ಇಲ್ಲ, ಒಂದು ತೂತು ಸಡಿಲ ಕಟ್ಟಿ, ತೊಳೆದು ಒಣಗಿಸಿದ್ರೆ ಸಾಕು. ಇನ್ನೊಂದು: ಲೆದರ್ ತಗಲೋ ಕಡೆಯೆಲ್ಲ ಪಟ್ಟಿ ಥರ ಕೆಂಪಾಗಿದ್ರೆ, ಚರ್ಮ ಹದ ಮಾಡೋಕೆ ಬಳಸೋ ಕ್ರೋಮಿಯಂ ಕೆಲವರಿಗೆ ಆಗಲ್ಲ. ಆಗಲೂ ಕೇಸ್ ನಿರಪರಾಧಿ.

ಮನೇಲೇ ಒಂದು ಪರೀಕ್ಷೆ ಮಾಡ್ಬಹುದು. ನಿಕಲ್ ಟೆಸ್ಟ್ ಕಿಟ್ ಅಂತ ಆನ್‌ಲೈನಲ್ಲಿ ಸಿಗತ್ತೆ, ಅದರಲ್ಲಿರೋದು ಡೈಮೀಥೈಲ್ ಗ್ಲೈಆಕ್ಸಿಮ್ ದ್ರಾವಣ ಮತ್ತೆ ಅಮೋನಿಯಾ. ಕಿವಿಗೆ ಹಾಕೋ ಹತ್ತಿಕಡ್ಡಿಗೆ ಎರಡು ಹನಿ ಹಾಕಿ ಬಕಲ್ ಮೇಲೆ ಅರ್ಧ ನಿಮಿಷ ಉಜ್ಜು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ನಿಕಲ್ ಬಿಡ್ತಿದೆ ಅಂತ. ಹೊಳೆಯೋ ಜಾಗ ಬಿಟ್ಟು ಸವೆದಿರೋ ಅಂಚಲ್ಲೇ ಉಜ್ಜಬೇಕು, ಪ್ಲೇಟಿಂಗ್ ಗಟ್ಟಿಯಾಗಿರೋ ಕಡೆ ಬಣ್ಣ ಬರಲ್ಲ. ಆಮೇಲೆ ಹೊಸ ಕಡ್ಡಿ ತಗೊಂಡು ಬ್ಯಾಕ್ ಕವರ್, ಕೀ, ಬಕಲಿನ ನಾಲಿಗೆ ಎಲ್ಲ ಬೇರೆ ಬೇರೆ ನೋಡು. ಮುಗಿದ್ಮೇಲೆ ನೀರಲ್ಲಿ ಒರೆಸಿಬಿಡು. ಬಣ್ಣ ಬರ್ಲಿಲ್ಲ ಅಂದ್ರೆ ನಿಕಲ್ಲೇ ಇಲ್ಲ ಅಂತಲ್ಲ, ಕಿಟ್‌ಗೆ ಸಿಗೋವಷ್ಟು ಬಿಡ್ತಿಲ್ಲ ಅಂತ. ಖಚಿತ ಆಗ್ಬೇಕಂದ್ರೆ ಸ್ಕಿನ್ ಡಾಕ್ಟರ್ ಹತ್ರ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡನೇ ದಿನ ತೆಗೆದು ನೋಡ್ತಾರೆ, ನಾಲ್ಕನೇ ದಿನದ ಹೊತ್ತಿಗೆ ಮತ್ತೊಮ್ಮೆ ನೋಡ್ತಾರೆ.

ಹಾಗೇ ಹಳೇ ವಾಚಿನ ಹಿಂಭಾಗ ಓದು. "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಅಂತ ಕೆತ್ತಿದ್ರೆ ಸ್ಟೀಲ್ ಇರೋದು ಬಹುಶಃ ಬ್ಯಾಕ್ ಕವರ್ ಮಾತ್ರ, ಸುತ್ತಲಿನ ಕೇಸ್ ಪ್ಲೇಟಿಂಗ್ ಮಾಡಿದ ಹಿತ್ತಾಳೆ ಇರತ್ತೆ. ಪೂರ್ತಿ ಸ್ಟೀಲ್ ಆಗಿದ್ರೆ "ಆಲ್ ಸ್ಟೇನ್‌ಲೆಸ್ ಸ್ಟೀಲ್" ಅಂತಲೋ ಬರೀ "ಸ್ಟೇನ್‌ಲೆಸ್ ಸ್ಟೀಲ್" ಅಂತಲೋ ಇರತ್ತೆ. ಅಯಸ್ಕಾಂತ ಹಿಡಿದು ನೋಡೋದು ಬೇಡ, ಹಿತ್ತಾಳೆಯೂ ಅಂಟಲ್ಲ, ಒಳ್ಳೇ ವಾಚ್ ಸ್ಟೀಲೂ ಅಂಟಲ್ಲ.

ಈಗ ಸ್ಟೀಲ್ ನಂಬರುಗಳು. 304ರಲ್ಲಿ ನಿಕಲ್ ನೂರಕ್ಕೆ 8ರಿಂದ 10 ಭಾಗ, 316 ಎಲ್‌ನಲ್ಲಿ 10ರಿಂದ 14, 904 ಎಲ್‌ನಲ್ಲಿ 23ರಿಂದ 28. ಹಾಗಾದ್ರೆ ದುಬಾರಿ 904 ಎಲ್ಲೇ ಹೆಚ್ಚು ಅಪಾಯ ಅನ್ಸತ್ತಲ್ವಾ? ಹಾಗಲ್ಲ. ಎಷ್ಟು ನಿಕಲ್ ಇದೆ ಅನ್ನೋದಲ್ಲ, ಎಷ್ಟು ಹೊರಗೆ ಬಿಡತ್ತೆ ಅನ್ನೋದು ಲೆಕ್ಕ. ಸ್ಟೀಲಿನ ಮೇಲೆ ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆ ಇರತ್ತೆ, ಗೀರಿದ್ರೂ ಗಾಳಿ ತಾಗಿ ಮತ್ತೆ ಕಟ್ಕೊಳ್ಳತ್ತೆ, ನಿಕಲ್ ಅದರ ಒಳಗೇ ಬಂದಿ. ಯುರೋಪಿನ ಕಾನೂನೂ ನಿಕಲ್ ಎಷ್ಟಿದೆ ಅಂತ ಕೇಳಲ್ಲ. ಮೈಗೆ ತಾಗ್ಕೊಂಡೇ ಇರೋ ವಸ್ತು ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡಬಾರದು ಅನ್ನತ್ತೆ. 316 ಎಲ್ ಆ ಮಿತಿಗಿಂತ ಎಷ್ಟೋ ಕೆಳಗೆ ನಿಲ್ಲತ್ತೆ. ಮಿತಿ ದಾಟಬಲ್ಲದ್ದು 303 ಅನ್ನೋ ಗ್ರೇಡ್. ಲೇತ್ ಮೇಲೆ ಸಲೀಸಾಗಿ ಕಡೆಯೋಕೆ ಅಂತ ಅದಕ್ಕೆ ಗಂಧಕ ಸೇರಿಸಿರ್ತಾರೆ, ಗಂಧಕ ಇರೋ ಚುಕ್ಕೆಗಳಲ್ಲಿ ಪೊರೆ ಹರಿದು ಬೆವರು ಒಳಗೆ ಇಳಿಯತ್ತೆ.

304ಕ್ಕೂ 316 ಎಲ್‌ಗೂ ಇರೋ ನಿಜವಾದ ವ್ಯತ್ಯಾಸ ಮಾಲಿಬ್ಡಿನಂ, 316 ಎಲ್‌ನಲ್ಲಿ ಅದು 2ರಿಂದ 3 ಭಾಗ. ಉಪ್ಪಿಗೆ ತಡೆ ಅದೇ. ಮಂಗಳೂರು ಕಡೆಯ ಹವೆ, ಬೆವರು, ಸಮುದ್ರದ ನೀರು, ಇದಕ್ಕೆಲ್ಲ 304 ಬ್ಯಾಕ್ ಕವರಿನ ಸಂದಿಯಲ್ಲಿ, ರಬ್ಬರ್ ರಿಂಗ್ ಪಕ್ಕ, ಸೂಜಿ ಚುಚ್ಚಿದ ಹಾಗೆ ಗುಳಿ ಬೀಳತ್ತೆ. 904 ಎಲ್ ಇನ್ನೂ ಮುಂದೆ, ರೋಲೆಕ್ಸ್‌ನವರು 1985ರಿಂದ ಬಳಸ್ತಿದ್ದಾರೆ. ತುಕ್ಕಿನ ವಿಷಯಕ್ಕೆ ಒಳ್ಳೇದು, ಪಾಲಿಶ್ ಚೆನ್ನಾಗಿ ಕೂರತ್ತೆ. ಆದ್ರೆ ಗೀರು ತಡೆಯೋದಕ್ಕಾಗ್ಲಿ ತುರಿಕೆಗಾಗ್ಲಿ ಅದಕ್ಕೋಸ್ಕರ ಹೆಚ್ಚು ದುಡ್ಡು ಕೊಡೋದು ದಂಡ.

ಯಾಕೆ ದಂಡ ಅಂತ ಗೀರಿನ ಲೆಕ್ಕದಲ್ಲಿ ಗೊತ್ತಾಗತ್ತೆ. ಧೂಳಲ್ಲಿ ಇರೋ ಮರಳಿನ ಕಣ, ಅಂದ್ರೆ ಕ್ವಾರ್ಟ್ಜ್, ವಿಕರ್ಸ್ ಅಳತೆಯಲ್ಲಿ ಸುಮಾರು 1100 ಗಟ್ಟಿ. ಎರಡೂ ಸ್ಟೀಲು ಹೆಚ್ಚುಕಮ್ಮಿ 150ರಿಂದ 200. ಟೈಟಾನಿಯಂ ಗ್ರೇಡ್ 2 ಅನ್ನೋ ಶುದ್ಧ ಬಗೆಯೂ ಅಷ್ಟೇ. ಗ್ರೇಡ್ 5, ಅಂದ್ರೆ 6 ಭಾಗ ಅಲ್ಯುಮಿನಿಯಂ 4 ಭಾಗ ವೆನೇಡಿಯಂ ಸೇರಿರೋದು, 350ರ ಹತ್ರ. ಮೇಜಿನ ಮೇಲಿನ ಧೂಳಿಗೆ ಇವೆಲ್ಲ ಸೋತ ಹಾಗೇ. ಗ್ರೇಡ್ 2ರ ಮೇಲೆ ಗೀರು ಕಪ್ಪಗೆ ಎದ್ದು ಕಾಣತ್ತೆ, "ಟೈಟಾನಿಯಂ ಬೇಗ ಹಾಳಾಗತ್ತೆ" ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ. ಅಂಗಡಿಯವರು ಹೇಳಿದ್ರಲ್ಲಿ ಮರಳಿಗೆ ಎದುರು ನಿಲ್ಲೋದು ಎರಡೇ: ಮೇಲ್ಮೈ ಗಟ್ಟಿ ಮಾಡಿದ ಟೈಟಾನಿಯಂ, ಅದು 1000ದಿಂದ 1200 ತನಕ ಹೋಗತ್ತೆ, ಮತ್ತೆ ಜಿರ್ಕೋನಿಯಾ ಸೆರಾಮಿಕ್, 1200ರ ಮೇಲೆ. ಗಟ್ಟಿ ಮಾಡಿರೋದು ಮೇಲಿನ ಪದರ ಮಾತ್ರ ಅನ್ನೋದು ನೆನಪಿರ್ಲಿ. ಬಾಗಿಲ ಚಿಲಕಕ್ಕೆ ಜೋರಾಗಿ ಬಡಿದ್ರೆ ಒಳಗಿನ ಮೆತ್ತನೆ ಲೋಹ ತಗ್ಗಾಗತ್ತೆ, ಅದನ್ನ ಪಾಲಿಶ್ ಮಾಡಿ ಸರಿಮಾಡೋಕೆ ಹೋದ್ರೆ ಪದರವೇ ಹೋಗತ್ತೆ. ಬರೀ ಸ್ಟೀಲಿಗೆ ಆ ಕಷ್ಟ ಇಲ್ಲ, ಯಾವ ಒಳ್ಳೇ ರಿಪೇರಿಯವರೂ ಪಾಲಿಶ್ ಮಾಡಿಕೊಡ್ತಾರೆ. ಆದ್ರೆ ಪ್ರತಿ ಸಲ ಅಂಚು ಸವೆದು ಗುಂಡಗಾಗತ್ತೆ.

ಭಾರಕ್ಕೆ ಬರೋಣ. ಟೈಟಾನಿಯಂ ಸ್ಟೀಲಿನ ಅರ್ಧ ತೂಕ ಅಂತಾರೆ. ಲೋಹಕ್ಕೆ ಅದು ಹೆಚ್ಚುಕಮ್ಮಿ ನಿಜ, ವಾಚಿಗಲ್ಲ. 40 ಮಿಲಿಮೀಟರ್ ಆಸುಪಾಸಿನ ವಾಚಿನ ಕೇಸಿಗೆ 6 ಘನ ಸೆಂಟಿಮೀಟರ್ ಲೋಹ ಬೇಕು ಅಂತಿಟ್ಕೋ. ಘನ ಸೆಂಟಿಮೀಟರಿಗೆ ಸ್ಟೀಲು 8 ಗ್ರಾಂ, ಸೆರಾಮಿಕ್ 6, ಗ್ರೇಡ್ 5 ಟೈಟಾನಿಯಂ 4.4. ಅಂದ್ರೆ ಕೇಸು 48, 36, 26 ಗ್ರಾಂ ಕ್ರಮವಾಗಿ. ಒಳಗಿನ ಮಷಿನ್ನು, ಡಯಲ್ಲು, ಗ್ಲಾಸು ಎಲ್ಲಕ್ಕೂ ಒಂದೇ, 20 ಗ್ರಾಂ ಅಂದ್ಕೋ. ಆಗ ಸ್ಟೀಲು 68, ಟೈಟಾನಿಯಂ 46. ಲೆದರ್ ಸ್ಟ್ರಾಪಿನ ವಾಚಲ್ಲಿ ಉಳಿಯೋದು 22 ಗ್ರಾಂ ಅಷ್ಟೇ. ಚೈನ್ ಇದ್ರೆ ಕತೆ ಬೇರೆ: ಚೈನಿಗೇ 9 ಘನ ಸೆಂಟಿಮೀಟರ್ ಹೋದ್ರೆ ಸ್ಟೀಲಲ್ಲಿ ಒಟ್ಟು 140 ಗ್ರಾಂ, ಟೈಟಾನಿಯಂನಲ್ಲಿ 86. ಆ ವ್ಯತ್ಯಾಸ ಕೈಗೆ ಗೊತ್ತಾಗತ್ತೆ. ಹಾಗಾಗಿ ಟೈಟಾನಿಯಂ ತಗೊಂಡ್ರೆ ಚೈನ್ ಸಮೇತ ತಗೋ. ನಿಕಲ್ ಸೇರಿಸದ ಲೋಹ ಅದು, ಚರ್ಮಕ್ಕೆ ಇದಕ್ಕಿಂತ ನಿರಪಾಯ ಸಿಗಲ್ಲ. ಹೊಸದೇನೂ ಅಲ್ಲ. ಬೆಂಗಳೂರಿನ ನಮ್ಮ ಎಚ್‌ಎಂಟಿಗೆ ವಾಚ್ ಮಾಡೋದು ಕಲಿಸಿದ ಜಪಾನಿನ ಸಿಟಿಜನ್‌ನವರೇ 1970ರಲ್ಲಿ ಎಕ್ಸ್-8 ಅಂತ ಟೈಟಾನಿಯಂ ಕೇಸಿನ ವಾಚ್ ಮಾಡಿದ್ರು.

ಸೆರಾಮಿಕ್ ನೋಡೋಕೆ ಚೆಂದ, ಬಣ್ಣ ಮಾಸಲ್ಲ, ಚರ್ಮಕ್ಕೂ ಏನೂ ಮಾಡಲ್ಲ. ಅದರ ಮೇಲೆ ಬೂದು ಗೆರೆ ಕಂಡ್ರೆ ಗಾಬರಿ ಬೇಡ, ಬೀಗದ ಕೈ ಥರದ ಲೋಹ ಸವೆದು ಅಂಟ್ಕೊಂಡಿರತ್ತೆ, ಪೆನ್ಸಿಲ್ ರಬ್ಬರಲ್ಲಿ ಉಜ್ಜಿದ್ರೆ ಎಷ್ಟೋ ಸಲ ಹೋಗತ್ತೆ. ಕಷ್ಟ ಇರೋದು ಬಿದ್ದಾಗ. ಬಚ್ಚಲಿನ ಗ್ರಾನೈಟ್ ಮೇಲೆ ಜಾರಿದ್ರೆ ಸ್ಟೀಲು ತಗ್ಗಾಗತ್ತೆ, ಸೆರಾಮಿಕ್ ಸ್ಟ್ರಾಪ್ ಸೇರೋ ಕಾಲಿನ ಹತ್ರ ಸೀಳತ್ತೆ. ಬೆಸುಗೆಯಿಲ್ಲ, ಪಾಲಿಶಿಲ್ಲ, ಕೇಸೇ ಹೊಸದು ಹಾಕಿಸ್ಬೇಕು. ಮತ್ತೆ ಸೆರಾಮಿಕ್ ವಾಚ್ ಅಂತ ಮಾರೋ ಎಷ್ಟೋ ವಾಚಲ್ಲಿ ಸೆರಾಮಿಕ್ ಇರೋದು ಮೇಲಿನ ಬಳೆ ಮಾತ್ರ, ಚರ್ಮಕ್ಕೆ ತಾಗೋ ಬ್ಯಾಕ್ ಕವರ್ ಸ್ಟೀಲೇ.

ಅಣ್ಣನಿಗಾದ್ರೆ ನಾನು ಹೇಳೋದು ಗ್ರೇಡ್ 5 ಅಥವಾ ಮೇಲ್ಮೈ ಗಟ್ಟಿ ಮಾಡಿದ ಟೈಟಾನಿಯಂ, ಚೈನೂ ಅದರದ್ದೇ. ಅಂಗಡೀಲಿ ಹೀಗೆ ಕೇಳು: ಬ್ಯಾಕ್ ಕವರ್ ಯಾವ ಲೋಹ, ಚೈನಿನ ಲಾಕ್ ಯಾವ ಲೋಹ, ಕೀ ಯಾವ ಲೋಹ. "ಟೈಟಾನಿಯಂ ಕೋಟಿಂಗ್", "ಟೈಟಾನಿಯಂ ಕಲರ್" ಅಂದ್ರೆ ಅದು ಬಣ್ಣ ಹಾಕಿದ ಸ್ಟೀಲೋ ಹಿತ್ತಾಳೆಯೋ ಆಗಿರತ್ತೆ, ಕೈಯಲ್ಲಿ ಎತ್ತಿದ್ರೇ ಭಾರದಲ್ಲಿ ಗೊತ್ತಾಗತ್ತೆ. ಬಜೆಟ್ ಅಷ್ಟಿಲ್ಲ ಅಂದ್ರೆ 316 ಎಲ್ ಕೇಸ್ ಸಾಕು, ಬಕಲ್ ಮಾತ್ರ ಬದಲಾಯಿಸು. ಬಕಲ್ ಅಳತೆ ನೋಡ್ಬೇಕಾದ್ದು ಸ್ಟ್ರಾಪಿನ ತುದಿಯಲ್ಲಿ, ಕೇಸಿನ ಹತ್ರ ಅಲ್ಲ. ಕೇಸಲ್ಲಿ 20 ಮಿಲಿಮೀಟರ್ ಇರೋ ಸ್ಟ್ರಾಪ್ ಬಕಲ್ ಕಡೆ ಸಾಮಾನ್ಯವಾಗಿ 18 ಇರತ್ತೆ. ಅಲ್ಲೀತನಕ ಹಳೇ ವಾಚ್ ಕಟ್ಟೋದು ನಿಲ್ಸಿ. ಬಕಲ್‌ಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿಯೋ ಉಪಾಯ ಬೆವರಿಗೆ ಕೆಲವೇ ದಿನದಲ್ಲಿ ಎದ್ದುಹೋಗತ್ತೆ, ಕೆಂಪಾಗಿರೋ ಚರ್ಮದ ಮೇಲೆ ಅದನ್ನ ನಂಬ್ಕೋಬೇಡಿ.